ಪಫ್ ಒತ್ತಿದ ಮೇಲಿನ ಹತ್ತು ಉಸಿರು

ಇನ್ಹೇಲರ್ ಒತ್ತುವ ಕೆಲಸ ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ. ಔಷಧ ಮಗುವಿನ ಶ್ವಾಸಕೋಶ ತಲುಪುವುದು ಆಮೇಲಿನ ಇಪ್ಪತ್ತು ಮೂವತ್ತು ಸೆಕೆಂಡುಗಳಲ್ಲಿ. ಮನೆಗಳಲ್ಲಿ ಹೆಚ್ಚು ತಪ್ಪುಗಳಾಗುವುದೂ ಆ ಇಪ್ಪತ್ತು ಮೂವತ್ತು ಸೆಕೆಂಡುಗಳಲ್ಲೇ. "ತಿಂಗಳುಗಟ್ಟಲೆ ಪಂಪ್ ಹಾಕ್ತಿದೀವಿ, ರಾತ್ರಿ ಕೆಮ್ಮು ನಿಂತೇ ಇಲ್ಲ" ಎಂದು ಬರುವ ತಂದೆ ತಾಯಿಯರ ಕೈಗೆ ಇನ್ಹೇಲರನ್ನೂ ಸ್ಪೇಸರನ್ನೂ ಕೊಟ್ಟು, "ಮನೇಲಿ ಹೇಗೆ ಕೊಡ್ತೀರೋ ಹಾಗೇ ಒಂದ್ಸಲ ಕೊಟ್ಟು ತೋರಿಸಿ" ಎಂದರೆ ಅನೇಕ ಬಾರಿ ಕಾರಣ ಅಲ್ಲೇ ಕಾಣಿಸುತ್ತದೆ. ಔಷಧ ಸರಿಯಾದದ್ದೇ, ಪ್ರಮಾಣವೂ ಸರಿಯಾದದ್ದೇ. ಅದು ಮಗುವಿನ ಕೆನ್ನೆಗೋ ಗಂಟಲಿಗೋ ಸ್ಪೇಸರಿನ ಗೋಡೆಗೋ ಅಂಟಿ ಅಲ್ಲೇ ಉಳಿದಿರುತ್ತದೆ.

ಇದು ಹೇಗೆ ಆಗುತ್ತದೆ ಎಂದು ತಿಳಿಯಲು ಆ ಪುಟ್ಟ ಡಬ್ಬಿಯೊಳಗೆ ಏನಿದೆ ಎಂದು ನೋಡಬೇಕು. 1955ರಲ್ಲಿ ಅಮೆರಿಕದ ರೈಕರ್ ಎಂಬ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೈಸನ್ ಅವರಿಗೆ ಅಸ್ತಮಾ ಇದ್ದ ಹದಿಹರೆಯದ ಮಗಳಿದ್ದಳು. ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿಯಿಂದ ಬರುವ ಹಾಗೆ ತನ್ನ ಔಷಧವೂ ಯಾಕೆ ಬರಬಾರದು ಎಂದು ಅವಳು ಅಪ್ಪನನ್ನು ಕೇಳಿದಳಂತೆ. ಮರುವರ್ಷವೇ ಅಂಥ ಇನ್ಹೇಲರ್ ಮಾರುಕಟ್ಟೆಗೆ ಬಂತು. ಇಂದಿಗೂ ನಮ್ಮ ಮಕ್ಕಳ ಕೈಗೆ ಬರುವುದು ಅದೇ ತತ್ವದ ಡಬ್ಬಿ: ಒತ್ತಡದಲ್ಲಿ ದ್ರವವಾಗಿರುವ ಅನಿಲ, ಅದರಲ್ಲಿ ಬೆರೆತ ಔಷಧ. ಒತ್ತಿದರೆ ಅಳತೆಯ ಒಂದು ಹನಿ ಅತಿ ವೇಗವಾಗಿ ಚಿಮ್ಮುತ್ತದೆ.

ತೊಂದರೆ ಇರುವುದು ಆ ವೇಗದಲ್ಲೇ. ನೇರವಾಗಿ ಬಾಯಿಗೆ ಹೊಡೆದರೆ ಹನಿಗಳು ಗಂಟಲಿನ ತಿರುವಿನಲ್ಲಿ ತಿರುಗಲಾರದೆ ಹಿಂಗೋಡೆಗೆ ಬಡಿಯುತ್ತವೆ. ಅಲ್ಲಿಂದ ಹೊಟ್ಟೆಗೆ ಹೋಗುತ್ತವೆ. ಒತ್ತಿದ ಕ್ಷಣದಲ್ಲೇ ಉಸಿರು ಎಳೆದುಕೊಳ್ಳುವುದು ದೊಡ್ಡವರಿಗೇ ಕಷ್ಟ, ನಾಲ್ಕು ವರ್ಷದ ಮಗುವಿಗಂತೂ ಆಗದ ಮಾತು. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಈ ಎರಡೂ ಕಷ್ಟಗಳನ್ನು ಕಳೆಯುತ್ತದೆ. ಹನಿಗಳು ಅದರೊಳಗೆ ವೇಗ ಕಳೆದುಕೊಳ್ಳುತ್ತವೆ, ಅನಿಲ ಆವಿಯಾಗಿ ಹನಿಗಳು ಇನ್ನಷ್ಟು ಸಣ್ಣದಾಗುತ್ತವೆ, ದೊಡ್ಡ ಹನಿಗಳು ಕೊಳವೆಗೇ ಅಂಟಿ ಉಳಿಯುತ್ತವೆ. ಮಿಕ್ಕ ಹಗುರ ಮಂಜು ಕೆಲವು ಸೆಕೆಂಡು ಕೊಳವೆಯಲ್ಲಿ ನಿಂತಿರುತ್ತದೆ. ಮಗು ತನ್ನ ಪಾಡಿಗೆ ಉಸಿರಾಡುತ್ತ ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ಒಳ್ಳೆಯ ಸ್ಪೇಸರಿನ ಬಾಯಲ್ಲಿ ತೆಳು ರಬ್ಬರಿನ ವಾಲ್ವ್ ಇರುತ್ತದೆ. ಉಸಿರು ಒಳಗೆಳೆದಾಗ ಅದು ತೆರೆಯುತ್ತದೆ, ಬಿಟ್ಟಾಗ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಹೊರಬಿಟ್ಟ ಉಸಿರು ಔಷಧವನ್ನು ಹಿಂದಕ್ಕೆ ಊದಿ ಚೆಲ್ಲುವುದಿಲ್ಲ. ಪುಟ್ಟ ಮಕ್ಕಳಿಗೆ ಕೊಳ್ಳುವಾಗ ವಾಲ್ವ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಹೆಜ್ಜೆಗಳಿಗೆ ಹೋಗುವ ಮುನ್ನ ಒಂದು ವಿಷಯ ಸ್ಪಷ್ಟವಾಗಬೇಕು. ಅಸ್ತಮಾ ಇರುವ ಮಗುವಿನ ಮನೆಯಲ್ಲಿ ಸಾಮಾನ್ಯವಾಗಿ ಎರಡು ಇನ್ಹೇಲರ್ ಇರುತ್ತವೆ. ಒಂದರಲ್ಲಿ ಸಾಲ್ಬುಟಮಾಲ್ ಇರುತ್ತದೆ. ಅದು ಬಿಗಿದ ಶ್ವಾಸನಾಳಗಳನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ಉಬ್ಬಸ ಬಂದಾಗ ಬೇಕಾದದ್ದು. ಇನ್ನೊಂದರಲ್ಲಿ ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇರುತ್ತದೆ. ಅದು ನಾಳಗಳ ಒಳಗಿನ ಊತವನ್ನು ದಿನಗಳ ಮೇಲೆ, ವಾರಗಳ ಮೇಲೆ ಇಳಿಸುತ್ತದೆ. ಮಗು ಚೆನ್ನಾಗಿದ್ದರೂ ದಿನವೂ ಕೊಡಬೇಕಾದದ್ದು ಇದು. ಡಬ್ಬಿಯ ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಬಣ್ಣ ನೋಡಿ ಗುರುತಿಟ್ಟುಕೊಳ್ಳಬೇಡಿ. ಒಂದರ ಮೇಲೆ "ದಿನವೂ", ಇನ್ನೊಂದರ ಮೇಲೆ "ಉಬ್ಬಸ ಬಂದಾಗ" ಎಂದು ಕನ್ನಡದಲ್ಲಿ ಬರೆದು ಚೀಟಿ ಅಂಟಿಸಿ. ನೀವಿಲ್ಲದ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಗೂ ಗೊಂದಲವಾಗಬಾರದು.

ಮಾಸ್ಕ್ ಇರುವ ಸ್ಪೇಸರ್: ಮೂರು ನಾಲ್ಕು ವರ್ಷದವರೆಗಿನ ಮಕ್ಕಳಿಗೆ

1. ಮಗುವನ್ನು ನೆಟ್ಟಗೆ ಕೂರಿಸಿ. ಪುಟ್ಟ ಮಗುವಾದರೆ ನಿಮ್ಮ ತೊಡೆಯ ಮೇಲೆ, ಅದರ ಬೆನ್ನು ನಿಮ್ಮ ಎದೆಗೆ ಒರಗುವಂತೆ ಕೂರಿಸಿಕೊಳ್ಳಿ. ಹೀಗೆ ಕೂತರೆ ತಲೆ ಹಿಂದಕ್ಕೆ ಎಳೆದುಕೊಳ್ಳಲು ಜಾಗವಿರುವುದಿಲ್ಲ, ನಿಮ್ಮ ಒಂದು ಕೈ ಮಾಸ್ಕಿಗೆ, ಇನ್ನೊಂದು ಇನ್ಹೇಲರಿಗೆ ಸಿಗುತ್ತದೆ. ಮಲಗಿಸಿ ಕೊಡಬೇಡಿ.

2. ಇನ್ಹೇಲರಿನ ಮುಚ್ಚಳ ತೆಗೆದು ಒಳಗೆ ಕಸ ಕಡ್ಡಿ ಸೇರಿಲ್ಲವೆಂದು ನೋಡಿ. ಚೀಲದಲ್ಲಿ ಮುಚ್ಚಳವಿಲ್ಲದೆ ಓಡಾಡಿದ ಇನ್ಹೇಲರಿನ ಬಾಯಲ್ಲಿ ಏನಾದರೂ ಸಿಕ್ಕಿಕೊಂಡಿರಬಹುದು.

3. ಚೆನ್ನಾಗಿ ಕುಲುಕಿ, ಐದಾರು ಸಲ. ಹೆಚ್ಚಿನ ಇನ್ಹೇಲರುಗಳಲ್ಲಿ ಔಷಧ ಕರಗಿರುವುದಿಲ್ಲ, ಪುಡಿಯಾಗಿ ತೇಲುತ್ತಿರುತ್ತದೆ. ಕುಲುಕದಿದ್ದರೆ ಒಂದು ಪಫ್‌ನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬರುತ್ತದೆ. ಡಬ್ಬಿ ಹೊಸದಾಗಿದ್ದರೆ ಅಥವಾ ಹಲವು ದಿನ ಬಳಸದಿದ್ದರೆ ಮೊದಲು ಗಾಳಿಗೆ ಕೆಲವು ಪಫ್ ಹೊಡೆಯಬೇಕು. ಎಷ್ಟು ಎಂಬುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿರುತ್ತದೆ.

4. ಇನ್ಹೇಲರನ್ನು ಸ್ಪೇಸರಿನ ಹಿಂಬದಿಯ ತೂತಿಗೆ ಬಿಗಿಯಾಗಿ ಕೂರಿಸಿ. ಲೋಹದ ಡಬ್ಬಿಯ ತಳ ಆಕಾಶಕ್ಕೆ ಮುಖ ಮಾಡಿರಬೇಕು, ಸ್ಪೇಸರ್ ನೆಲಕ್ಕೆ ಸಮಾಂತರವಾಗಿರಬೇಕು.

5. ಮಾಸ್ಕನ್ನು ಮೂಗು ಮತ್ತು ಬಾಯಿ ಎರಡೂ ಮುಚ್ಚುವಂತೆ ಇಟ್ಟು ಮೆತ್ತಗೆ, ಆದರೆ ಸಡಿಲಾಗದಂತೆ ಒತ್ತಿ ಹಿಡಿಯಿರಿ. ಎಲ್ಲ ಹೆಜ್ಜೆಗಳಲ್ಲಿ ಅತಿ ಮುಖ್ಯವಾದದ್ದು ಇದೇ. ಮೂಗಿನ ಪಕ್ಕದಲ್ಲೋ ಗದ್ದದ ಕೆಳಗೋ ಒಂದು ಸಣ್ಣ ಸಂದಿ ಉಳಿದರೂ ಮಗು ಆ ಸಂದಿಯಿಂದಲೇ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ವಾಲ್ವ್ ತೆರೆಯುವುದೇ ಇಲ್ಲ, ಮಂಜು ಕೊಳವೆಯಲ್ಲೇ ಕೂತಿರುತ್ತದೆ. ಮುಖದಿಂದ ಒಂದೆರಡು ಬೆರಳು ದೂರ ಹಿಡಿದು "ಹೇಗೂ ಗಾಳಿಯಲ್ಲಿ ಹೋಗುತ್ತದೆ" ಎಂದುಕೊಂಡರೆ ಶ್ವಾಸಕೋಶಕ್ಕೆ ಹೆಚ್ಚುಕಡಿಮೆ ಏನೂ ಹೋಗುವುದಿಲ್ಲ. ಮಾಸ್ಕ್ ದೊಡ್ಡದಾಗಿ ಕಣ್ಣಿನವರೆಗೆ ಬರುತ್ತಿದ್ದರೆ ಸಣ್ಣ ಅಳತೆಯದನ್ನು ಕೇಳಿ ಪಡೆಯಿರಿ.

6. ಡಬ್ಬಿಯನ್ನು ಒಂದೇ ಒಂದು ಸಲ ಒತ್ತಿ. ಎರಡು ಪಫ್ ಬರೆದಿದ್ದರೂ ಎರಡನ್ನೂ ಒಟ್ಟಿಗೆ ಹೊಡೆಯಬೇಡಿ. ಎರಡರ ಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ ಗೋಡೆಗೆ ಅಂಟುತ್ತವೆ. ಮಗುವಿಗೆ ಸಿಗುವುದು ಎರಡರ ಲೆಕ್ಕಕ್ಕಿಂತ ಎಷ್ಟೋ ಕಡಿಮೆ.

7. ಮಾಸ್ಕ್ ಅಲುಗಿಸದೆ ಹತ್ತು ಉಸಿರು ಎಣಿಸಿ. ಜೋರಾದ ಉಸಿರಲ್ಲ, ಆಟವಾಡದೆ ಸುಮ್ಮನೆ ಕೂತ ಮಗುವಿನ ಸಾಧಾರಣ ಉಸಿರು. ವಾಲ್ವ್ ಕಣ್ಣಿಗೆ ಕಾಣುವಂತಿದ್ದರೆ ಅದರ ಅಲುಗಾಟವನ್ನೇ ಎಣಿಸಿ. ಕಾಣದಿದ್ದರೆ ಎದೆ ಏರಿಳಿಯುವುದನ್ನು ಎಣಿಸಿ.

8. ಇನ್ನೊಂದು ಪಫ್ ಇದ್ದರೆ ಮಾಸ್ಕ್ ತೆಗೆದು, ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ, ಐದನೇ ಹೆಜ್ಜೆಯಿಂದ ಪುನಃ ಮಾಡಿ.

9. ಸ್ಟೀರಾಯ್ಡ್ ಇನ್ಹೇಲರ್ ಆಗಿದ್ದರೆ ಮಗುವಿನ ಬಾಯಿ ಮುಕ್ಕಳಿಸಿ ಉಗುಳಿಸಿ, ಮಾಸ್ಕ್ ತಾಗಿದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮುಕ್ಕಳಿಸಲು ಬಾರದ ಮಗುವಿಗೆ ಒಂದು ಗುಟುಕು ನೀರು ಕುಡಿಸಿದರೂ ನಡೆಯುತ್ತದೆ. ಬಾಯಲ್ಲಿ ಉಳಿದ ಔಷಧದಿಂದ ನಾಲಗೆಯ ಮೇಲೆ, ಕೆನ್ನೆಯ ಒಳಗೆ ಬಿಳಿ ಬೂಷ್ಟಿನಂಥ ಸೋಂಕು ಬರಬಹುದು. ಇದಕ್ಕೆ ನನಗೆ ತಿಳಿದ ಸುಲಭದ ಉಪಾಯವೆಂದರೆ ಬೆಳಗ್ಗೆ ರಾತ್ರಿ ಹಲ್ಲುಜ್ಜುವ ಮುಂಚೆ ಪಫ್ ಕೊಡುವುದು. ಆಗ ಔಷಧವೂ ಮರೆಯುವುದಿಲ್ಲ, ಬಾಯಿ ತೊಳೆಯುವುದೂ ತಾನಾಗಿ ಆಗುತ್ತದೆ.

ಹತ್ತು ಉಸಿರು ಏಕೆ, ಎರಡು ಸಾಲದೇ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಸುಮ್ಮನೆ ಕೂತ ಮಗು ಒಂದು ಉಸಿರಿಗೆ ತನ್ನ ತೂಕದ ಪ್ರತಿ ಕಿಲೋಗೆ ಸುಮಾರು 7 ಮಿಲಿ ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. 10 ಕಿಲೋ ತೂಕದ ಮಗುವಿಗೆ ಅದು 70 ಮಿಲಿ ಲೀಟರ್. ಸಣ್ಣ ಸ್ಪೇಸರಿನಲ್ಲೇ ಸುಮಾರು 150 ಮಿಲಿ ಲೀಟರ್ ಗಾಳಿ ಹಿಡಿಯುತ್ತದೆ. ಅದರ ಮೇಲೆ ಪ್ರತಿ ಉಸಿರಿನ ಮೊದಲ ಭಾಗ ಮಾಸ್ಕಿನೊಳಗೆ ಉಳಿದಿದ್ದ ಹಳೆಯ ಗಾಳಿಯೇ. ಎರಡು ಉಸಿರಿಗೆ ಕೊಳವೆ ಖಾಲಿಯಾಗುವುದಿಲ್ಲ. ಐದಕ್ಕಿಂತ ಕಡಿಮೆ ಯಾವತ್ತೂ ಬೇಡ, ಹತ್ತು ಎಂದು ಇಟ್ಟುಕೊಂಡರೆ ಒಂದೆರಡು ಸರಿಯಾಗದಿದ್ದರೂ ನಷ್ಟವಿಲ್ಲ. ಪುಟ್ಟ ಮಕ್ಕಳ ಉಸಿರಾಟ ವೇಗವಾಗಿರುವುದರಿಂದ ಇದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಅಳುವ ಮಗುವಿನ ವಿಷಯ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. "ಅತ್ತರೆ ಒಳ್ಳೇದೇ, ಜೋರಾಗಿ ಎಳ್ಕೊಳತ್ತೆ" ಎನ್ನುವವರಿದ್ದಾರೆ. ಆಗುವುದು ತಿರುಗುಮುರುಗು. ಅಳುವಾಗ ಉಸಿರು ಹೊರಬೀಳುವ ಹೊತ್ತು ಉದ್ದ, ನಡುನಡುವೆ ಎಳೆದುಕೊಳ್ಳುವುದು ಗಕ್ಕನೆಯ ಒಂದು ತುಂಡು ಉಸಿರು. ಆ ವೇಗಕ್ಕೆ ಔಷಧ ಗಂಟಲಿಗೆ ಬಡಿದು ಹೊಟ್ಟೆಗೆ ಇಳಿಯುತ್ತದೆ, ಎದೆಗಲ್ಲ. ಮಾಸ್ಕೂ ಮುಖದ ಮೇಲೆ ನಿಲ್ಲುವುದಿಲ್ಲ. ದಿನದ ಔಷಧವಾಗಿದ್ದರೆ ಮಗು ಸಮಾಧಾನವಾಗುವ ತನಕ ಕಾಯಿರಿ, ಹತ್ತು ನಿಮಿಷ ತಡವಾದರೆ ಏನೂ ಕೆಡುವುದಿಲ್ಲ. ಬರಿಯ ಮಾಸ್ಕನ್ನು, ಇನ್ಹೇಲರ್ ಇಲ್ಲದೆ, ಕೆಲವು ದಿನ ಆಟಕ್ಕೆ ಕೊಡಿ. ಗೊಂಬೆಗೆ ಹಾಕಲಿ, ನಿಮಗೆ ಹಾಕಲಿ, ತಾನೂ ಹಾಕಿಕೊಳ್ಳಲಿ. ನಿದ್ದೆಯಲ್ಲಿ ಕೊಟ್ಟರಾಯಿತು ಎಂಬ ಉಪಾಯವೂ ಬಹಳ ಮನೆಗಳಲ್ಲಿ ಕೈಕೊಡುತ್ತದೆ. ಮುಖಕ್ಕೆ ಮಾಸ್ಕ್ ತಾಗಿದೊಡನೆ ಮಗು ಎಚ್ಚೆತ್ತು ಇನ್ನಷ್ಟು ಅಳುತ್ತದೆ, ಮರುದಿನ ಮಾಸ್ಕ್ ಕಂಡರೇ ಹೆದರುತ್ತದೆ. ಆದರೆ ಉಬ್ಬಸ ಜೋರಾಗಿ ಬಂದ ಹೊತ್ತಿನಲ್ಲಿ ಮಗು ಅಳುತ್ತಿದೆ ಎಂದು ಕಾಯುವಂತಿಲ್ಲ. ಆಗ ಬಿಗಿಯಾಗಿ ಅಪ್ಪಿ ಹಿಡಿದು ಕೊಡಲೇಬೇಕು.

ಈ ಹೆಜ್ಜೆಗಳು ಒಂದು ಮನೆಯಲ್ಲಿ ಹೇಗೆ ತಪ್ಪುತ್ತವೆ, ಹೇಗೆ ಸರಿಯಾಗುತ್ತವೆ ಎಂದು ನೋಡಲು ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಹಾಸನದ ಕಡೆಯ ನಾಲ್ಕು ವರ್ಷದ ಹುಡುಗಿ, ತೂಕ 15 ಕಿಲೋ. ಚಳಿಗಾಲ ಬಂತೆಂದರೆ ಪ್ರತಿ ನೆಗಡಿಯೂ ಎದೆಗಿಳಿಯುತ್ತದೆ, ನಡುರಾತ್ರಿ ಕೆಮ್ಮುತ್ತಾಳೆ. ಸ್ಟೀರಾಯ್ಡ್ ಇನ್ಹೇಲರ್ ಬೆಳಗ್ಗೆ ಎರಡು, ರಾತ್ರಿ ಎರಡು ಪಫ್ ಎಂದು ಬರೆದು ಎರಡು ತಿಂಗಳಾಗಿದೆ, ಕೆಮ್ಮು ಹಾಗೇ ಇದೆ. ಪ್ರಮಾಣ ಹೆಚ್ಚಿಸಬೇಕೇ ಎಂಬ ಪ್ರಶ್ನೆ ಬಂದಿದೆ. ಡಾಕ್ಟರ್ ಮೊದಲು, "ಕೊಟ್ಟು ತೋರಿಸಿ ಅಮ್ಮ" ಎನ್ನುತ್ತಾರೆ.

ತಾಯಿ ಇನ್ಹೇಲರ್ ಸಿಕ್ಕಿಸುತ್ತಾರೆ, ಕುಲುಕುವುದಿಲ್ಲ. ಪಟಪಟನೆ ಎರಡು ಸಲ ಒತ್ತಿ, ಆಮೇಲೆ ಮಾಸ್ಕನ್ನು ಮಗಳ ಮುಖಕ್ಕೆ ತರುತ್ತಾರೆ. ಒತ್ತಿದ ಕ್ಷಣಕ್ಕೂ ಮಾಸ್ಕ್ ತಾಗುವುದಕ್ಕೂ ನಡುವೆ ನಾಲ್ಕೈದು ಸೆಕೆಂಡು ಕಳೆದಿದೆ. ಅಷ್ಟರಲ್ಲಿ ಮಂಜಿನ ಒಂದು ಪಾಲು ಗೋಡೆಗೆ ಕೂತಿದೆ. ಮಾಸ್ಕ್ ಹಸುಗೂಸಿನ ಅಳತೆಯದು, ಎರಡು ವರ್ಷದ ಹಿಂದೆ ಕೊಂಡದ್ದು. ಈಗ ಗದ್ದದ ಹತ್ತಿರ ಸಂದಿ ಬಿಡುತ್ತದೆ. ಪಕ್ಕದಲ್ಲಿ ಕೂತ ಅಜ್ಜ, "ಜೋರಾಗಿ ಎಳ್ಕೋ ಪುಟ್ಟಿ, ಜೋರಾಗಿ" ಎಂದು ಹುರಿದುಂಬಿಸುತ್ತಾರೆ. ಮೂರು ಉಸಿರಿಗೆ ಮಾಸ್ಕ್ ಕೆಳಗಿಳಿಯುತ್ತದೆ.

ಅಜ್ಜ ಹೇಳುವುದಕ್ಕೂ ಕಾರಣವಿದೆ. ಅವರಿಗೂ ದಮ್ಮು ಇದೆ, ಅವರು ಬಳಸುವುದು ಕ್ಯಾಪ್ಸೂಲ್ ಹಾಕಿ ಎಳೆದುಕೊಳ್ಳುವ ರೋಟಾಹೇಲರ್. ಅದರಲ್ಲಿ ಔಷಧ ಒಣ ಪುಡಿಯಾಗಿರುತ್ತದೆ, ಅದನ್ನು ಎಬ್ಬಿಸಿ ಒಳಗೊಯ್ಯುವುದು ರೋಗಿಯ ಉಸಿರಿನ ರಭಸವೇ. ಅಲ್ಲಿ ಜೋರಾಗಿ ಎಳೆದುಕೊಳ್ಳುವುದೇ ಸರಿ. ಸ್ಪೇಸರಿನಲ್ಲಿ ಅದೇ ರಭಸ ಔಷಧವನ್ನು ಗಂಟಲಿಗೆ ಅಪ್ಪಳಿಸುತ್ತದೆ. ಒಂದೇ ಮನೆಯಲ್ಲಿ ಎರಡು ಬಗೆಯ ಸಾಧನ ಇದ್ದಾಗ ಈ ಗೊಂದಲ ಸಹಜ. ಇಂಥ ಮನೆಯಲ್ಲಿ ಅಜ್ಜನಿಗೂ ಕೂರಿಸಿ ತೋರಿಸಬೇಕು, ತಾಯಿಗಷ್ಟೇ ಹೇಳಿ ಕಳಿಸಿದರೆ ಸಾಲದು.

ಡಾಕ್ಟರ್ ಪ್ರಮಾಣ ಹೆಚ್ಚಿಸುವುದಿಲ್ಲ. ಮಾಸ್ಕಿನ ಅಳತೆ ಬದಲಿಸುತ್ತಾರೆ. ಮೊದಲು ಮಾಸ್ಕ್, ಆಮೇಲೆ ಒತ್ತುವುದು ಎಂಬ ಕ್ರಮ ತೋರಿಸುತ್ತಾರೆ. ಕುಲುಕುವುದು, ಒಂದೊಂದೇ ಪಫ್, ಹತ್ತು ಉಸಿರು: ತಾಯಿ ಎದುರಲ್ಲೇ ಮತ್ತೊಮ್ಮೆ ಮಾಡಿ ತೋರಿಸಿ ಹೋಗುತ್ತಾರೆ. ಇಲ್ಲಿಂದ ಮುಂದೆ ನೋಡಬೇಕಾದದ್ದು ರಾತ್ರಿಗಳನ್ನು. ಕ್ಯಾಲೆಂಡರಿನಲ್ಲಿ ಕೆಮ್ಮಿದ ರಾತ್ರಿಗೆ ಒಂದು ಗುರುತು, ಸಾಲ್ಬುಟಮಾಲ್ ಬೇಕಾದ ದಿನಕ್ಕೆ ಇನ್ನೊಂದು ಗುರುತು. ಸ್ಟೀರಾಯ್ಡ್ ಸರಿಯಾಗಿ ಒಳಗೆ ಹೋಗುತ್ತಿದ್ದರೆ ಕೆಲವು ವಾರಗಳಲ್ಲಿ ಗುರುತುಗಳು ತೆಳುವಾಗಬೇಕು. ಕ್ರಮವೆಲ್ಲ ಸರಿಯಾಗಿದ್ದೂ ತೆಳುವಾಗದಿದ್ದರೆ, ಔಷಧ ಬದಲಿಸಬೇಕೇ, ಕಾಯಿಲೆ ಅಸ್ತಮಾವೇ ಹೌದೇ ಎಂದು ನೋಡುವ ಸರದಿ ಆಗ ಬರುತ್ತದೆ.

ಸ್ಟೀರಾಯ್ಡ್ ಎಂಬ ಹೆಸರು ಕೇಳಿ ಹಿಂಜರಿಯುವವರು ಅಳತೆ ಒಂದನ್ನು ನೆನಪಿಟ್ಟುಕೊಳ್ಳಲಿ. ಇನ್ಹೇಲರಿನ ಲೆಕ್ಕ ಮೈಕ್ರೊಗ್ರಾಮಿನಲ್ಲಿ, ಅಂದರೆ ಮಿಲಿಗ್ರಾಮಿನ ಸಾವಿರದ ಒಂದು ಪಾಲಿನಲ್ಲಿ. ಪುಟ್ಟ ಮಕ್ಕಳಿಗೆ ದಿನಕ್ಕೆ ಕೊಡುವುದು ಸಾಮಾನ್ಯವಾಗಿ ಕೆಲವು ನೂರು ಮೈಕ್ರೊಗ್ರಾಂ. ಅದೇ ಹುಡುಗಿಗೆ ಉಬ್ಬಸ ಕೆರಳಿ ಆಸ್ಪತ್ರೆ ಸೇರಿದರೆ ಬಾಯಿಗೆ ಕೊಡುವ ಸ್ಟೀರಾಯ್ಡ್ ದಿನಕ್ಕೆ 15 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು, ಅಂದರೆ 15,000 ಮೈಕ್ರೊಗ್ರಾಮಿಗೂ ಮಿಗಿಲು. ಅದು ಮೈಯೆಲ್ಲ ಸುತ್ತುತ್ತದೆ. ದಿನದ ಪಫ್ ಸರಿಯಾಗಿ ಕೊಡುವುದರ ಉದ್ದೇಶಗಳಲ್ಲಿ ಅಂಥ ದಿನ ಬಾರದಂತೆ ನೋಡಿಕೊಳ್ಳುವುದೂ ಒಂದು.

ಮಾಸ್ಕ್ ಬಿಟ್ಟು ಬಾಯಿಂದ: ನಾಲ್ಕೈದು ವರ್ಷದ ಮೇಲೆ

ಮಗು ಹೇಳಿದಂತೆ ಬಾಯಿಂದಲೇ ಉಸಿರಾಡಬಲ್ಲದು ಎಂದಾದ ಕೂಡಲೇ ಮಾಸ್ಕ್ ತೆಗೆಯುವುದು ಒಳ್ಳೆಯದು. ಮಾಸ್ಕಿನಲ್ಲಿ ಉಸಿರು ಮೂಗಿನಿಂದ ಹೋಗುತ್ತದೆ, ಮೂಗು ಔಷಧದ ಒಂದು ಪಾಲನ್ನು ತಡೆದು ಇಟ್ಟುಕೊಳ್ಳುತ್ತದೆ. ಒಂದರಿಂದ ನಾಲ್ಕರವರೆಗಿನ ಹೆಜ್ಜೆಗಳು ಹಾಗೇ. ಮುಂದಿನವು ಹೀಗೆ:

5. ಮಗು ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಲಿ, ಸ್ಪೇಸರಿನೊಳಗಲ್ಲ, ಪಕ್ಕಕ್ಕೆ.

6. ಸ್ಪೇಸರಿನ ಬಾಯಿಯನ್ನು ಹಲ್ಲುಗಳ ನಡುವೆ ಇಟ್ಟು ಸುತ್ತಲೂ ತುಟಿ ಮುಚ್ಚಿಕೊಳ್ಳಲಿ. ನಾಲಗೆ ಅಡ್ಡ ಬರಬಾರದು, ಹಲ್ಲಿನಿಂದ ಕಚ್ಚಿ ಮುಚ್ಚಬಾರದು.

7. ಒಂದು ಪಫ್ ಒತ್ತಿ. ಮಗು ತಕ್ಷಣ ನಿಧಾನವಾಗಿ, ಆಳವಾಗಿ ಉಸಿರೆಳೆದುಕೊಳ್ಳಲಿ. ನೀವು ಮನಸ್ಸಿನಲ್ಲಿ ಒಂದರಿಂದ ನಾಲ್ಕು ಎಣಿಸುವಷ್ಟು ಹೊತ್ತು ಎಳೆಯಬೇಕು. ಕೆಲವು ಸ್ಪೇಸರುಗಳು ಉಸಿರು ವೇಗವಾದರೆ ಸೀಟಿ ಹೊಡೆಯುತ್ತವೆ. ಮಕ್ಕಳು ಸೀಟಿ ಬಂದರೆ ಗೆದ್ದೆವೆಂದು ತಿಳಿಯುತ್ತಾರೆ. ಅದು "ನಿಧಾನ" ಎಂಬ ಎಚ್ಚರಿಕೆ ಎಂದು ಮೊದಲ ದಿನವೇ ಹೇಳಿಬಿಡಿ.

8. ಉಸಿರನ್ನು ಐದರಿಂದ ಹತ್ತು ಸೆಕೆಂಡು ಹಿಡಿದು ಮೆಲ್ಲಗೆ ಬಿಡಲಿ. ಹಿಡಿಯಲು ಆಗದ ಮಗು ಸ್ಪೇಸರ್ ಬಾಯಲ್ಲಿಟ್ಟುಕೊಂಡೇ ಐದಾರು ಸಲ ಸಾಧಾರಣವಾಗಿ ಉಸಿರಾಡಿದರೂ ಔಷಧ ಸಿಗುತ್ತದೆ.

9. ಅರ್ಧ ನಿಮಿಷ ಬಿಟ್ಟು, ಕುಲುಕಿ, ಮುಂದಿನ ಪಫ್. ಸ್ಟೀರಾಯ್ಡ್ ಆಗಿದ್ದರೆ ಬಾಯಿ ಮುಕ್ಕಳಿಸುವುದು ಇಲ್ಲಿಯೂ ಇದೆ.

ಹೈಸ್ಕೂಲಿಗೆ ಬಂದ ಮಕ್ಕಳು ನಾಚಿಕೆಗೆ ಸ್ಪೇಸರ್ ಬಿಟ್ಟು ನೇರವಾಗಿ ಬಾಯಿಗೆ ಹೊಡೆದುಕೊಳ್ಳುತ್ತಾರೆ. ಶಾಲೆಯಲ್ಲಿ ಹಾಗೆ ಮಾಡಿದರೂ ಮನೆಯಲ್ಲಿ ಬೆಳಗ್ಗೆ ರಾತ್ರಿಯ ಸ್ಟೀರಾಯ್ಡನ್ನು ಸ್ಪೇಸರಿನಿಂದಲೇ ತೆಗೆದುಕೊಳ್ಳಲಿ.

ಉಬ್ಬಸ ಬಂದಾಗ

ಆಗ ಬೇಕಾದದ್ದು ಸಾಲ್ಬುಟಮಾಲ್. ಮನೆಯಲ್ಲಿ ನೆಬ್ಯುಲೈಸರ್ ಇಲ್ಲವಲ್ಲ ಎಂದು ಕೈ ಹಿಸುಕಿಕೊಳ್ಳಬೇಕಾಗಿಲ್ಲ. ಸಾಧಾರಣ ಮತ್ತು ಮಧ್ಯಮ ಉಬ್ಬಸದಲ್ಲಿ ಸ್ಪೇಸರಿನಿಂದ ಕೊಟ್ಟ ಪಫ್‌ಗಳು ನೆಬ್ಯುಲೈಸರಿನಷ್ಟೇ ಕೆಲಸ ಮಾಡುತ್ತವೆ. ಐದು ವರ್ಷದೊಳಗಿನ ಮಕ್ಕಳಿಗೆ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ ಹೇಳುವ ಕ್ರಮ ಇದು: ಎರಡು ಪಫ್, ಒಂದಾದ ಮೇಲೊಂದರಂತೆ. 20 ನಿಮಿಷದಲ್ಲಿ ಸಾಕಷ್ಟು ಹಗುರಾಗದಿದ್ದರೆ ಮತ್ತೆ ಎರಡು, ಇನ್ನೂ 20 ನಿಮಿಷ ಬಿಟ್ಟು ಮತ್ತೆ ಎರಡು. ನಿಮ್ಮ ಡಾಕ್ಟರ್ ಬರೆದುಕೊಟ್ಟ ಲೆಕ್ಕ ಬೇರೆಯಾಗಿದ್ದರೆ ಅದನ್ನೇ ಅನುಸರಿಸಿ. ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಯಿರಿ, ಗಾಬರಿಯಲ್ಲಿ ಲೆಕ್ಕ ತಪ್ಪುತ್ತದೆ. ಕೈ ಸ್ವಲ್ಪ ನಡುಗುವುದು, ಎದೆ ಹೊಡೆದುಕೊಳ್ಳುವುದು ಈ ಔಷಧದ ಗುಣ, ಕೊಂಚ ಹೊತ್ತಿಗೆ ಇಳಿಯುತ್ತದೆ.

ಆರು ಪಫ್ ಆದರೂ ಹಗುರಾಗದಿದ್ದರೆ, ಅಥವಾ ಹಗುರಾಗಿ ಮೂರು ಗಂಟೆ ಕಳೆಯುವ ಮೊದಲೇ ಉಬ್ಬಸ ತಿರುಗಿ ಬಂದರೆ ಆಸ್ಪತ್ರೆಗೆ ಹೊರಡಿ. ಪಕ್ಕೆಲುಬುಗಳ ನಡುವಿನ ಚರ್ಮ ಪ್ರತಿ ಉಸಿರಿಗೂ ಒಳಗೆ ಗುಳಿ ಬೀಳುತ್ತಿದ್ದರೆ, ಮಾತು ಒಂದೆರಡು ಪದಕ್ಕೇ ತುಂಡಾಗುತ್ತಿದ್ದರೆ, ಹಾಲು ನೀರು ಕುಡಿಯಲಾಗದಿದ್ದರೆ, ತುಟಿ ನೀಲಿಯಾದರೆ, ಮಗು ಮಂಕಾಗಿ ತೂಗಾಡುತ್ತಿದ್ದರೆ 20 ನಿಮಿಷವನ್ನೂ ಕಾಯಬೇಡಿ. 108ಕ್ಕೆ ಕರೆ ಮಾಡಿ, ಗಾಡಿ ಬರುವ ತನಕ, ದಾರಿಯಲ್ಲಿಯೂ ಪಫ್ ಕೊಡುತ್ತಿರಿ. ಸುಯ್‌ಗುಟ್ಟುವ ಸದ್ದು ನಿಂತಿತೆಂದು ಸಮಾಧಾನಪಡುವ ಮೊದಲು ಮಗುವಿನ ಮುಖ ನೋಡಿ. ದಣಿದು ಗಾಳಿಯೇ ಓಡಾಡದಂತಾದಾಗಲೂ ಸದ್ದು ನಿಲ್ಲುತ್ತದೆ. ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ.

ಊರಿಗೆ ಹೋದಾಗ ಇನ್ಹೇಲರ್ ಇದ್ದು ಸ್ಪೇಸರ್ ಮರೆತುಹೋಗುವುದುಂಟು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಮಕ್ಕಳ ವೈದ್ಯೆ ಹೆದರ್ ಝಾರ್ ಮತ್ತು ಅವರ ಜೊತೆಗಾರರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನೇ ಸ್ಪೇಸರ್ ಮಾಡಿ, ಉಬ್ಬಸ ಬಂದ ಐದು ವರ್ಷ ದಾಟಿದ ಮಕ್ಕಳಲ್ಲಿ ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಂದಿ ಇಲ್ಲದಂತೆ ಮುಚ್ಚಿದ ಬಾಟಲಿ ಕೊಂಡ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು, ಲೋಟದಂಥ ಕಪ್ ಹಿಂದೆ ಬಿದ್ದಿತ್ತು. ತೊಳೆದು ಒಣಗಿಸಿದ ಬಾಟಲಿಯ ತಳದಲ್ಲಿ ಇನ್ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟೇ ತೂತು ಮಾಡಿ, ಸುತ್ತ ಟೇಪ್ ಸುತ್ತಿ. ಪ್ಲಾಸ್ಟಿಕ್ ಚೂರು ಒಳಗೆ ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ. ಮಗು ಬಾಟಲಿಯ ಬಾಯಿಗೆ ತುಟಿ ಮುಚ್ಚಿ ನಿಧಾನವಾಗಿ ಉಸಿರಾಡಲಿ, ಪಫ್ ಒಂದೊಂದೇ. ಸಾಲ್ಬುಟಮಾಲ್ ಇದೆ, ಸ್ಪೇಸರ್ ಇಲ್ಲ ಎಂಬ ರಾತ್ರಿಗೆ ಇದು ಸಾಕು.

ತೊಳೆಯುವುದು, ಎಣಿಸುವುದು

ಹೊಸ ಸ್ಪೇಸರನ್ನು ಪೆಟ್ಟಿಗೆಯಿಂದ ತೆಗೆದು ಹಾಗೇ ಬಳಸಿದರೆ ಔಷಧದ ದೊಡ್ಡ ಪಾಲು ಗೋಡೆಗೆ ಹೋಗುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುವ ಹಾಗೆ ಪ್ಲಾಸ್ಟಿಕ್ಕಿನ ಸ್ಥಿರ ವಿದ್ಯುತ್ತು ಮಂಜನ್ನು ಎಳೆದುಕೊಳ್ಳುತ್ತದೆ. ಬಟ್ಟೆಯಿಂದ ಒಳಗೆ ಉಜ್ಜಿ ಒರೆಸಿದಷ್ಟೂ ಅದು ಹೆಚ್ಚುತ್ತದೆ. ಆದ್ದರಿಂದ ಮೊದಲ ಸಲ ಬಳಸುವ ಮುಂಚೆ, ಆಮೇಲೆ ತಿಂಗಳಿಗೊಮ್ಮೆ, ಭಾಗಗಳನ್ನು ಬಿಡಿಸಿ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪಿನ ಕೆಲವು ಹನಿ ಹಾಕಿ ಕಾಲು ಗಂಟೆ ನೆನೆಸಿ. ಕೊಳವೆಯನ್ನು ಮತ್ತೆ ಬರಿ ನೀರಿನಲ್ಲಿ ತೊಳೆಯದೆ ಕೊಡವಿ ನಿಲ್ಲಿಸಿ, ರಾತ್ರಿಯೆಲ್ಲ ತಾನಾಗಿ ಒಣಗಲಿ. ಸೋಪಿನ ತೆಳು ಪದರವೇ ಆ ಎಳೆತವನ್ನು ಕಡಿಮೆ ಮಾಡುತ್ತದೆ. ಮುಖಕ್ಕೆ ತಾಗುವ ಮಾಸ್ಕನ್ನೂ ಬಾಯಿಗೆ ಇಡುವ ತುದಿಯನ್ನೂ ಮಾತ್ರ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಕೆಲವು ಕಂಪನಿಗಳ ಚೀಟಿಯಲ್ಲಿ ಬೇರೆ ರೀತಿ ಹೇಳಿದ್ದರೆ ಅದರಂತೆ ಮಾಡಿ. ಕುದಿಸಬೇಡಿ, ವಾಲ್ವ್ ಸೊಟ್ಟಗಾಗುತ್ತದೆ. ಹೊಸ ಸ್ಪೇಸರ್ ತಂದ ರಾತ್ರಿಯೇ ಉಬ್ಬಸ ಬಂದರೆ ಮಾತ್ರ ತೊಳೆಯಲು ನಿಲ್ಲದೆ ಹಾಗೇ ಬಳಸಿ. ವಾಲ್ವ್ ಗಟ್ಟಿಯಾಗಿ ಅಲುಗದಂತಾದರೆ, ಕೊಳವೆ ಬಿರುಕು ಬಿಟ್ಟರೆ ಬದಲಿಸಿ.

ಇನ್ಹೇಲರಿನ ಪ್ಲಾಸ್ಟಿಕ್ ಹೊರಕವಚವನ್ನೂ ವಾರಕ್ಕೊಮ್ಮೆ, ಲೋಹದ ಡಬ್ಬಿ ತೆಗೆದಿಟ್ಟು, ಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಸಣ್ಣ ರಂಧ್ರದ ಸುತ್ತ ಬಿಳಿ ಪುಡಿ ಕಟ್ಟಿ ದಾರಿ ಮುಚ್ಚುವುದುಂಟು. ಲೋಹದ ಡಬ್ಬಿಯನ್ನು ನೀರಿಗೆ ಹಾಕಬಾರದು. ಡಬ್ಬಿ ನೀರಿನಲ್ಲಿ ತೇಲಿದರೆ ಖಾಲಿ, ಮುಳುಗಿದರೆ ತುಂಬಿದೆ ಎಂಬ ಹಳೆಯ ಪರೀಕ್ಷೆಯನ್ನು ನಂಬುವಂತಿಲ್ಲ. ಕುಲುಕಿದರೆ ಸದ್ದು ಬರುತ್ತದೆ, ಒತ್ತಿದರೆ ಬುಸ್ ಎನ್ನುತ್ತದೆ ಎಂಬುದೂ ಸಾಕ್ಷಿಯಲ್ಲ. ಔಷಧ ಮುಗಿದ ಮೇಲೂ ಅನಿಲ ಉಳಿದಿರುತ್ತದೆ, ಬರಿ ಅನಿಲವನ್ನೇ ಮಗುವಿಗೆ ವಾರಗಟ್ಟಲೆ ಕೊಡುತ್ತಿರಬಹುದು.

ಡಬ್ಬಿಯ ಮೇಲೆ ಎಣಿಕೆಯ ಕಿಟಕಿ ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ಲೆಕ್ಕ ಸುಲಭ. ಡಬ್ಬಿಯ ಮೇಲೆ 120 ಅಥವಾ 200 ಡೋಸ್ ಎಂದು ಬರೆದಿರುತ್ತದೆ. ಹಾಸನದ ಆ ಹುಡುಗಿಯಂತೆ ದಿನಕ್ಕೆ ನಾಲ್ಕು ಪಫ್ ಆದರೆ 120ರ ಡಬ್ಬಿ 30 ದಿನಕ್ಕೆ, 200ರದ್ದು 50 ದಿನಕ್ಕೆ ಮುಗಿಯುತ್ತದೆ. ತೆರೆದ ದಿನವೇ ಮುಗಿಯುವ ತಾರೀಖನ್ನು ಎಣಿಸಿ ಡಬ್ಬಿಯ ಮೇಲೆ ಮಾರ್ಕರಿನಿಂದ ಬರೆದುಬಿಡಿ. ಉಬ್ಬಸಕ್ಕೆ ಬಳಸುವ ಸಾಲ್ಬುಟಮಾಲ್ ಹೀಗೆ ದಿನದ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಪೆಟ್ಟಿಗೆಯ ಮೇಲೆ ಒಂದೊಂದು ಪಫ್‌ಗೂ ಒಂದೊಂದು ಗೀಟು ಎಳೆಯುತ್ತ ಹೋಗಿ, 150 ದಾಟಿದಾಗ ಇನ್ನೊಂದನ್ನು ತಂದಿಡಿ.